ಫೋಟೊದಲ್ಲಿ ನೋಟು ನೋಡುವುದು ಹೇಗೆ: ಐನೂರರ ನೋಟಿನ ಮೂರು ಗುರುತುಗಳು

(ಮಂಡ್ಯದಲ್ಲಿ ಸಣ್ಣ ವ್ಯಾಪಾರಿಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ದಿನಸಿ ಅಂಗಡಿ, ಬೇಕರಿ, ಹೂವು, ಹಣ್ಣು, ಮೊಬೈಲ್ ರೀಚಾರ್ಜ್, ಹೀಗೆ ಗಲ್ಲಾಪೆಟ್ಟಿಗೆಯ ಮುಂದೆ ನೀವೇ ಕೂರುವವರು ಇಲ್ಲಿ ಹೆಚ್ಚಿದ್ದೀರಿ. ನಾನು ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗಲೂ ನನ್ನ ವಾಟ್ಸಾಪ್‌ಗೆ ಪರಿಚಯದ ಅಂಗಡಿಯವರಿಂದ ನೋಟಿನ ಫೋಟೊ ಬರುತ್ತಲೇ ಇರುತ್ತದೆ. ಕೆಳಗೆ ಒಂದೇ ಸಾಲು ಇರುತ್ತದೆ: "ಸಾರ್, ಇದು ಅಸಲಿನಾ, ಖೋಟಾನಾ?"

ಆ ಫೋಟೊ ನೋಡಿ ಉತ್ತರ ಹೇಳಲು ಬಹಳ ಸಲ ಆಗುವುದಿಲ್ಲ. ಫೋಟೊ ಮಸುಕಾಗಿದೆ ಎಂದಲ್ಲ, ಚೆನ್ನಾಗಿಯೇ ಇರುತ್ತದೆ. ಆದರೆ ನೋಟನ್ನು ಮೇಜಿನ ಮೇಲೆ ಮಟ್ಟಸವಾಗಿ ಇಟ್ಟು, ನೇರ ಮೇಲಿನಿಂದ ತೆಗೆದ ಒಂದೇ ಒಂದು ಫೋಟೊ ಅದು. ಮೇಲಿನಿಂದ ನೋಡಿದಾಗ ಕಾಣುವ ಅಕ್ಷರ, ಚಿತ್ರ, ಬಣ್ಣ, ಗೆರೆಗಳನ್ನೆಲ್ಲ ಖೋಟಾ ಮಾಡುವವನೂ ಒಳ್ಳೆಯ ಸ್ಕ್ಯಾನರಿನಿಂದ ನಕಲು ಮಾಡಿರುತ್ತಾನೆ. ಸ್ಕ್ಯಾನರ್ ಕಂಡದ್ದನ್ನೇ ನಿಮ್ಮ ಫೋನೂ ಕಾಣುತ್ತದೆ. ಹಾಗಾಗಿ ಮಟ್ಟಸ ಫೋಟೊದಿಂದ ಒಂದು ನೋಟು ಖೋಟಾ ಎಂದು ಕೆಲವೊಮ್ಮೆ ಹೇಳಬಹುದು. ಅಸಲಿ ಎಂದು ಯಾವತ್ತೂ ಹೇಳುವ ಹಾಗಿಲ್ಲ.

ನೋಟಿನಲ್ಲಿ ಬೆಳಕು ಬದಲಾದಾಗ ತಾನೂ ಬದಲಾಗುವ ಗುರುತುಗಳಿವೆ. ಭದ್ರತಾ ದಾರ, ವಾಟರ್‌ಮಾರ್ಕ್, ಬಣ್ಣ ಬದಲಾಗುವ ಶಾಯಿ. ಇವತ್ತು ಈ ಮೂರರ ಬಗ್ಗೆ ಮಾತ್ರ ಮಾತಾಡುತ್ತೇನೆ. ಅದೂ ನಿಮ್ಮ ಗಲ್ಲಾದಲ್ಲಿ ಹೆಚ್ಚು ಓಡಾಡುವ, ಹೋದರೆ ಹೆಚ್ಚು ನಷ್ಟವಾಗುವ ₹500ರ ನೋಟಿನ ಬಗ್ಗೆ. 2016ರ ನವೆಂಬರಿನಲ್ಲಿ ಬಂದ ಬೂದು ಬಣ್ಣದ, ಹಿಂದೆ ಕೆಂಪು ಕೋಟೆ ಇರುವ ನೋಟು.

ಮೊದಲು ವಾಟರ್‌ಮಾರ್ಕ್. ನೋಟಿನ ಮುಂಭಾಗದಲ್ಲಿ ಬಲಗಡೆ ಖಾಲಿ ಇರುವ ಜಾಗವನ್ನು ಬೆಳಕಿಗೆ ಹಿಡಿದರೆ ಗಾಂಧೀಜಿಯ ಮುಖವೂ ಪಕ್ಕದಲ್ಲಿ 500 ಎಂಬ ಅಂಕಿಯೂ ಕಾಣುತ್ತವೆ ಎಂಬುದು ನಿಮಗೆಲ್ಲ ಗೊತ್ತು. ಆದರೆ ಅದು ಹೇಗೆ ಬಂತು ಎಂದು ತಿಳಿದರೆ ಫೋಟೊದಲ್ಲಿ ಏನು ನೋಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನೋಟಿನ ಕಾಗದ ಮಾಡುವ ಬ್ಯಾಂಕ್ ನೋಟ್ ಪೇಪರ್ ಮಿಲ್ ಇರುವುದು ಮೈಸೂರಿನಲ್ಲಿ. ನೋಟು ಅಚ್ಚಾಗುವ ರಿಸರ್ವ್ ಬ್ಯಾಂಕಿನ ಎರಡು ಮುದ್ರಣಾಲಯಗಳಲ್ಲಿ ಒಂದು ಮೈಸೂರಿನಲ್ಲಿದೆ, ಇನ್ನೊಂದು ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿ.

ನೋಟಿನ ಕಾಗದ ಮರದ ತಿರುಳಿನದಲ್ಲ, ಹತ್ತಿಯ ನಾರಿನದು. ನೀರಿನಲ್ಲಿ ಕದಡಿದ ಆ ನಾರು ತಿರುಗುವ ಜಾಲರಿಯ ಉರುಳೆಯ ಮೇಲೆ ಕೂತು ಹಾಳೆಯಾಗುತ್ತದೆ. ಆ ಜಾಲರಿಯಲ್ಲಿ ಗಾಂಧೀಜಿಯ ಮುಖ ಉಬ್ಬುತಗ್ಗುಗಳಾಗಿ ಮೂಡಿರುತ್ತದೆ. ತಗ್ಗಿನಲ್ಲಿ ನಾರು ಹೆಚ್ಚು ಕೂರುತ್ತದೆ, ಅಲ್ಲಿ ಕಾಗದ ದಪ್ಪ. ಉಬ್ಬಿನ ಮೇಲೆ ಕಡಿಮೆ ಕೂರುತ್ತದೆ, ಅಲ್ಲಿ ತೆಳು. ಬೆಳಕಿಗೆ ಹಿಡಿದಾಗ ದಪ್ಪ ಜಾಗ ಕಪ್ಪಾಗಿ, ತೆಳು ಜಾಗ ಬೆಳ್ಳಗೆ ಕಾಣುತ್ತದೆ. ದಪ್ಪದಿಂದ ತೆಳುವಿಗೆ ಹೋಗುವುದು ಹಂತಹಂತವಾಗಿ ಆದ್ದರಿಂದ ಕೆನ್ನೆ, ಹಣೆ, ಕನ್ನಡಕದ ನೆರಳು ಎಲ್ಲ ಮೆಲ್ಲಗೆ ಒಂದರೊಳಗೊಂದು ಬೆರೆತಂತೆ ಇರುತ್ತವೆ. ಪಕ್ಕದ 500 ಅಂಕಿಯ ಕಥೆ ಬೇರೆ. ಅಂಕಿಯ ಆಕಾರದ ಲೋಹದ ತುಂಡನ್ನೇ ಜಾಲರಿಗೆ ಕೂರಿಸಿರುತ್ತಾರೆ. ಅದರ ಮೇಲೆ ನಾರು ಬಹಳ ಕಡಿಮೆ ನಿಲ್ಲುತ್ತದೆ. ಹಾಗಾಗಿ ಅಂಕಿ ಸುತ್ತಲಿನ ಕಾಗದಕ್ಕಿಂತ ಬೆಳ್ಳಗೆ, ಅಂಚು ಚೂಪಾಗಿ ಕಾಣುತ್ತದೆ.

ಅಂದರೆ ಅಸಲಿ ನೋಟಿನ ಖಾಲಿ ಜಾಗದಲ್ಲಿ ಎರಡು ಬಗೆಯ ಗುರುತು ಇರಬೇಕು. ಮುಖ ಮೃದು, ಅಂಕಿ ಚೂಪು. ಮುಖದಲ್ಲಿ ಬೆಳಕೂ ಇದೆ ನೆರಳೂ ಇದೆ, ಅಂಕಿಯಲ್ಲಿ ಬೆಳಕು ಮಾತ್ರ. ಖೋಟಾ ನೋಟಿನಲ್ಲಿ ಮುಖವನ್ನು ತಿಳಿ ಶಾಯಿಯಲ್ಲೋ ಜಿಡ್ಡಿನಂಥ ವಸ್ತುವಿನಲ್ಲೋ ಒತ್ತಿರುತ್ತಾರೆ. ಅಲ್ಲಿ ಮುಖ, ಅಂಕಿ ಎರಡೂ ಒಂದೇ ಥರ ಇರುತ್ತವೆ, ಗೆರೆ ಎಳೆದು ಬಿಟ್ಟ ಹಾಗೆ. ಇನ್ನೊಂದು ವ್ಯತ್ಯಾಸವಿದೆ, ಫೋಟೊದಲ್ಲಿ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಸಲಿ ವಾಟರ್‌ಮಾರ್ಕ್ ಕಾಗದದ ದಪ್ಪದಲ್ಲಿದೆ, ಮೇಲ್ಮೈಯಲ್ಲಿಲ್ಲ. ಆದ್ದರಿಂದ ಮೇಜಿನ ಮೇಲಿಟ್ಟ ಫೋಟೊದಲ್ಲಿ ಅದು ಕಂಡೂ ಕಾಣದ ಹಾಗಿರುತ್ತದೆ, ಬೆಳಕಿಗೆ ಹಿಡಿದಾಗಲೇ ಎದ್ದು ಬರುತ್ತದೆ. ಮೇಜಿನ ಮೇಲಿಟ್ಟಾಗಲೂ ಮುಖ ಸ್ಪಷ್ಟವಾಗಿ ಕಂಡರೆ, ಅದು ಕಾಗದದ ಮೇಲೆ ಅಚ್ಚು ಹಾಕಿದ್ದು.

ಇನ್ನು ಭದ್ರತಾ ದಾರ. ನಾವೆಲ್ಲ ಹಸಿರು ಪಟ್ಟಿ ಅಂತೀವಲ್ಲ, ಅದು. ಇದನ್ನು ಕಾಗದದ ಮೇಲೆ ಅಂಟಿಸಿದ್ದಲ್ಲ. ಹಾಳೆ ಆಗುತ್ತಿರುವಾಗಲೇ ನಾರಿನ ನಡುವೆ ಸೇರಿಸುತ್ತಾರೆ, ಅಲ್ಲಲ್ಲಿ ಕಿಟಕಿಯ ಹಾಗೆ ಹೊರಗೆ ಇಣುಕುವಂತೆ ಬಿಡುತ್ತಾರೆ. ಮೇಜಿನ ಮೇಲಿಟ್ಟು ನೋಡಿದರೆ ತುಂಡುತುಂಡಾದ ಹಸಿರು ಚೌಕಗಳು. ಬೆಳಕಿಗೆ ಹಿಡಿದರೆ ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ ಎಲ್ಲೂ ಕಡಿಯದ ಒಂದೇ ಕಪ್ಪು ಗೆರೆ. ಈ ಎರಡೂ ಆಗಬೇಕು. ದಾರದ ಮೇಲೆ ದೇವನಾಗರಿಯಲ್ಲಿ ಭಾರತ್ ಎಂದೂ ಇಂಗ್ಲಿಷಿನಲ್ಲಿ ಆರ್‌ಬಿಐ ಎಂದೂ ಬರೆದಿರುತ್ತದೆ. ನೋಟನ್ನು ಓರೆ ಮಾಡಿದರೆ ದಾರದ ಹಸಿರು ನೀಲಿಗೆ ತಿರುಗುತ್ತದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಇದರಿಂದ ನಿಮ್ಮಂಥವರಿಗೆ ನಿಜವಾಗಿ ತೊಂದರೆಯಾಗಿದೆ. ಹಸಿರು ಪಟ್ಟಿ ಗವರ್ನರ್ ಸಹಿಯ ಹತ್ತಿರ ಇದ್ದರೆ ಅಸಲಿ, ಗಾಂಧೀಜಿ ಚಿತ್ರದ ಹತ್ತಿರ ಇದ್ದರೆ ಖೋಟಾ ಎಂದು ಹೇಳುವ ಒಂದು ವಿಡಿಯೊ ಓಡಾಡಿತು. ಅದು ಸುಳ್ಳು. ಕೇಂದ್ರ ಸರ್ಕಾರದ ಪಿಐಬಿಯ ಫ್ಯಾಕ್ಟ್‌ಚೆಕ್ ವಿಭಾಗವೇ ಎರಡೂ ಅಸಲಿ ಎಂದು ಸ್ಪಷ್ಟಪಡಿಸಿದೆ. ದಾರ ಎಲ್ಲ ಹಾಳೆಗಳಲ್ಲೂ ಕರಾರುವಾಕ್ಕಾಗಿ ಒಂದೇ ಜಾಗದಲ್ಲಿ ಇದ್ದರೆ, ಹಾಳೆಗಳನ್ನು ಪೇರಿಸಿದಾಗ ಆ ಸಾಲು ಮಾತ್ರ ಉಬ್ಬಿ ಅಚ್ಚಿನ ಯಂತ್ರಕ್ಕೆ ತೊಡಕಾಗುತ್ತದೆ. ಅದಕ್ಕೇ ಕಾಗದದಲ್ಲಿ ದಾರವನ್ನು ಸ್ವಲ್ಪ ಅತ್ತಿತ್ತ ಸರಿಸುತ್ತಾ ಹೋಗುತ್ತಾರೆ. ಪಟ್ಟಿ ಎಲ್ಲಿದೆ ಎಂದು ಅಳೆದು ನೋಟು ವಾಪಸ್ ಕೊಡಬೇಡಿ, ಬೆಳಕಿಗೆ ಹಿಡಿದಾಗ ಗೆರೆ ಕಡಿಯದೆ ಬರುತ್ತದೆಯೇ ನೋಡಿ. ನಂಬರಿನ ನಡುವೆ ನಕ್ಷತ್ರದ ಗುರುತಿರುವ ನೋಟಿಗೂ ಇದೇ ಮಾತು. ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲಿಗೆ ಸೇರಿಸಿದ ನೋಟು ಅದು, ಪೂರ್ತಿ ಅಸಲಿ.

ಮೂರನೆಯದು ಬಲಗಡೆ ಕೆಳಗೆ ರೂಪಾಯಿ ಚಿಹ್ನೆಯ ಜೊತೆ ದೊಡ್ಡದಾಗಿ ಬರೆದ ₹500. ನೇರವಾಗಿ ನೋಡಿದರೆ ಹಸಿರು, ಓರೆ ಮಾಡಿದರೆ ನೀಲಿ. ಈ ಶಾಯಿಯಲ್ಲಿ ಬಣ್ಣದ ಪುಡಿಯ ಬದಲು ಬಹಳ ತೆಳುವಾದ ಪದರಗಳನ್ನು ಒಂದರ ಮೇಲೊಂದು ಕೂರಿಸಿದ ಸಣ್ಣ ಸಣ್ಣ ಚಕ್ಕೆಗಳಿರುತ್ತವೆ. ಮೇಲಿನ ಪದರದಿಂದ ಮರಳಿದ ಬೆಳಕೂ ಒಳಗಿನ ಪದರದಿಂದ ಮರಳಿದ ಬೆಳಕೂ ಕೂಡಿ ಒಂದು ಬಣ್ಣ ಗಟ್ಟಿಯಾಗುತ್ತದೆ, ಉಳಿದವು ಅಳಿಯುತ್ತವೆ. ನೋಡುವ ಕೋನ ಬದಲಾದರೆ ಯಾವ ಬಣ್ಣ ಉಳಿಯಬೇಕು ಎಂಬುದೂ ಬದಲಾಗುತ್ತದೆ. ಮಳೆ ಬಂದ ರಸ್ತೆಯಲ್ಲಿ ಪೆಟ್ರೋಲ್ ಹನಿ ಬಿದ್ದಾಗ ಬಣ್ಣಬಣ್ಣವಾಗಿ ಹರಡುತ್ತದಲ್ಲ, ಅಲ್ಲಿ ಆಗುವುದೂ ಇದೇ. ಮೈಸೂರಿನ ಮುದ್ರಣಾಲಯದ ಆವರಣದಲ್ಲಿ 2022ರ ಮಾರ್ಚಿನಲ್ಲಿ ವರ್ಣಿಕಾ ಎಂಬ ಶಾಯಿ ಘಟಕ ಶುರುವಾಯಿತು, ವರ್ಷಕ್ಕೆ 1,500 ಟನ್ ಶಾಯಿ ಮಾಡುವ ಸಾಮರ್ಥ್ಯದ್ದು. ಬಣ್ಣ ಬದಲಾಗುವ ಶಾಯಿಯನ್ನೂ ಅಲ್ಲಿ ಮಾಡುತ್ತಾರೆ.

ಖೋಟಾ ಮಾಡುವವರು ಇದರ ಬದಲು ಮಿನುಗುವ ಹಸಿರು ಬಣ್ಣ ಹಾಕುತ್ತಾರೆ. ಓರೆ ಮಾಡಿದರೆ ಅದೂ ಥಳಥಳ ಎನ್ನುತ್ತದೆ. ಬಹಳ ಜನ ಮೋಸಹೋಗುವುದು ಇಲ್ಲೇ. ಹೊಳಪು ಬದಲಾಗುವುದು ಬೇರೆ, ಬಣ್ಣ ಬದಲಾಗುವುದು ಬೇರೆ. ತಿಳಿ ಹಸಿರು ಇದ್ದದ್ದು ಗಾಢ ಹಸಿರಾದರೆ ಅದು ಹೊಳಪಿನ ಬದಲಾವಣೆ ಮಾತ್ರ. ಹಸಿರು ಹೋಗಿ ನೀಲಿ ಬರಬೇಕು.

ಈಗ ಫೋಟೊ ತೆಗೆಯುವ ವಿಚಾರ. ನಿಮ್ಮ ಫೋನು ಒಂದು ಕೆಲಸವನ್ನು ಕೇಳದೆಯೇ ಮಾಡುತ್ತದೆ. ಪ್ರತಿ ಫೋಟೊದಲ್ಲೂ ಬೆಳಕನ್ನೂ ಬಣ್ಣವನ್ನೂ ತಾನೇ ಸರಿಪಡಿಸುತ್ತದೆ. ಹಳದಿ ಬಲ್ಬಿನ ಕೆಳಗೆ ತೆಗೆದರೂ ಬಿಳಿಯನ್ನು ಬಿಳಿಯಾಗಿಯೇ ತೋರಿಸಲು ಹೊರಡುತ್ತದೆ. ಇದರಿಂದ ಹಸಿರು ಸ್ವಲ್ಪ ನೀಲಿಗೆ ಜರುಗಬಹುದು, ನೀಲಿ ಹಸಿರಿಗೆ ಜರುಗಬಹುದು. ಆದ್ದರಿಂದ ಒಂದು ಫೋಟೊದ ಬಣ್ಣವನ್ನು ಇನ್ನೊಂದು ಫೋಟೊದ ಬಣ್ಣಕ್ಕೆ ಹೋಲಿಸಿ ನಿರ್ಧಾರಕ್ಕೆ ಬರಬೇಡಿ. ಅನುಮಾನದ ನೋಟಿನ ಪಕ್ಕದಲ್ಲಿ, ಅದೇ ಫೋಟೊದೊಳಗೆ, ಬ್ಯಾಂಕಿನಿಂದ ತಂದ ಒಂದು ₹500ರ ನೋಟನ್ನು ಇಡಿ. ಫೋನು ಏನೇ ಬದಲಿಸಿದರೂ ಎರಡನ್ನೂ ಒಂದೇ ಥರ ಬದಲಿಸುತ್ತದೆ.

ಫ್ಲ್ಯಾಷ್ ಹಾಕಬೇಡಿ. ದಾರವೂ ಶಾಯಿಯೂ ಕನ್ನಡಿಯ ಹಾಗೆ ಫ್ಲ್ಯಾಷನ್ನೇ ತಿರುಗಿಸಿ, ಆ ಜಾಗ ಬಿಳಿ ಮಚ್ಚೆಯಾಗುತ್ತದೆ. ಹಗಲಾದರೆ ಅಂಗಡಿಯ ಬಾಗಿಲ ಬಳಿಯ ಬೆಳಕು ಸಾಕು. ಮೊದಲು ಮಟ್ಟಸವಾಗಿ ಒಂದು. ಆಮೇಲೆ ಎರಡೂ ನೋಟುಗಳನ್ನು ಬಾಗಿಲ ಕಡೆಗೋ ಟ್ಯೂಬ್‌ಲೈಟ್ ಕಡೆಗೋ ಹಿಡಿದು ಒಂದು, ಸೂರ್ಯನ ಕಡೆಗೆ ಮಾತ್ರ ಬೇಡ. ಹಿಂದಿನಿಂದ ಬೆಳಕು ಬಂದಾಗ ಫೋನು ನೋಟನ್ನು ಕಪ್ಪು ಮಾಡಿಬಿಡುತ್ತದೆ, ಆಗ ಪರದೆಯ ಮೇಲೆ ವಾಟರ್‌ಮಾರ್ಕ್ ಇರುವ ಜಾಗವನ್ನು ಬೆರಳಿನಿಂದ ಒತ್ತಿದರೆ ಆ ಜಾಗ ಬೆಳಗುತ್ತದೆ. ಮೂರನೆಯದು ಓರೆಯದು. ನೋಟುಗಳನ್ನು ಮೇಜಿನ ಮೇಲೇ ಬಿಟ್ಟು, ಬೆಳಕು ನಿಮ್ಮ ಎದುರಿನಿಂದ ಬರುವಂತೆ ನಿಂತು, ಫೋನನ್ನು ನೇರ ಮೇಲಿನಿಂದ ನಿಧಾನವಾಗಿ ನಿಮ್ಮ ಕಡೆಗೆ ಕೆಳಗಿಳಿಸಿ. ಇದಕ್ಕೆ ಫೋಟೊಗಿಂತ ನಾಲ್ಕೈದು ಸೆಕೆಂಡಿನ ವಿಡಿಯೊ ಮೇಲು. ಹಸಿರು ಯಾವ ಗಳಿಗೆಯಲ್ಲಿ ನೀಲಿಯಾಯಿತು ಎಂಬುದು ಅದರಲ್ಲೇ ಕಾಣುತ್ತದೆ. ಇನ್ನೊಬ್ಬರಿಗೆ ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಸಣ್ಣ ಅಕ್ಷರಗಳು ಕಲಸಿಹೋಗುತ್ತವೆ.

ಮೊನ್ನೆ ನಡೆದ ಒಂದು ಪ್ರಸಂಗ ಹೇಳುತ್ತೇನೆ. ಇಲ್ಲೇ ಪೇಟೆ ಬೀದಿ ಕಡೆಯ ದಿನಸಿ ಅಂಗಡಿಯವರೊಬ್ಬರು ರಾತ್ರಿ ಗಲ್ಲಾ ಎಣಿಸುವಾಗ ಒಂದು ₹500ರ ನೋಟು ಕೈಗೆ ಬೇರೆ ಥರ ಹತ್ತಿತಂತೆ. ನನಗೆ ಫೋಟೊ ಕಳಿಸಿದರು. ಮಟ್ಟಸ ಫೋಟೊ. ನಂಬರು ಸರಿಯಾಗಿತ್ತು, ಅಂದರೆ ಮೊದಲ ಮೂರು ಅಕ್ಷರ ಅಂಕಿಗಳು ಒಂದೇ ಗಾತ್ರ, ಆಮೇಲಿನ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತಾ ಹೋಗಿದ್ದವು. ಹಿಂಭಾಗದ ಕೆಂಪು ಕೋಟೆಯೂ ಚೆನ್ನಾಗಿತ್ತು. ಖಾಲಿ ಜಾಗದಲ್ಲಿ ಗಾಂಧೀಜಿಯ ಮುಖ ಬೂದುಬಣ್ಣದಲ್ಲಿ ಸ್ವಲ್ಪ ಜಾಸ್ತಿಯೇ ಕಾಣುತ್ತಿದೆ ಎಂದು ನನಗನ್ನಿಸಿತು, ಆದರೆ ಅಷ್ಟರಿಂದ ಹೇಳುವ ಹಾಗಿರಲಿಲ್ಲ. "ಅಣ್ಣಾ, ಪಕ್ಕದಲ್ಲಿ ಇನ್ನೊಂದು ಐನೂರು ಇಟ್ಟು ಟ್ಯೂಬ್‌ಲೈಟಿಗೆ ಹಿಡಿದು ಒಂದು ತೆಗೀರಿ, ಆಮೇಲೆ ಒಂದು ಸಣ್ಣ ವಿಡಿಯೊ ಮಾಡಿ" ಎಂದೆ.

ಬೆಳಕಿಗೆ ಹಿಡಿದ ಫೋಟೊದಲ್ಲಿ ವಿಷಯ ಬಿಚ್ಚಿಕೊಂಡಿತು. ಬ್ಯಾಂಕಿನ ನೋಟಿನಲ್ಲಿ ದಾರ ಮೇಲಿನಿಂದ ಕೆಳಗೆ ಒಂದೇ ಗೆರೆ. ಅನುಮಾನದ ನೋಟಿನಲ್ಲಿ ಹಸಿರು ಚೌಕಗಳಿದ್ದ ಕಡೆ ಮಾತ್ರ ಕಪ್ಪು, ಎರಡು ಚೌಕಗಳ ನಡುವೆ ಬರೀ ಕಾಗದ. ಅಂದರೆ ಒಳಗೆ ದಾರವೇ ಇಲ್ಲ, ಹೊಳೆಯುವ ಹಾಳೆಯ ತುಂಡುಗಳನ್ನು ಮೇಲೆ ಅಂಟಿಸಿದ್ದಾರೆ. ವಾಟರ್‌ಮಾರ್ಕ್ ನೋಡಿದರೆ ಬ್ಯಾಂಕಿನ ನೋಟಿನ 500 ಬೆಳ್ಳಗೆ ಹೊಳೆಯುತ್ತಿತ್ತು, ಇದರ 500 ಸುತ್ತಲಿನ ಕಾಗದಕ್ಕಿಂತ ಕಪ್ಪಾಗಿತ್ತು. ತೆಳುವಾದ ಜಾಗ ಕಪ್ಪಾಗಿ ಕಾಣಲು ಸಾಧ್ಯವೇ ಇಲ್ಲ. ಆ ಅಂಕಿಯನ್ನು ಶಾಯಿಯಲ್ಲಿ ಬರೆದಿದ್ದಾರೆ ಎಂದೇ ಅರ್ಥ. ವಿಡಿಯೊದಲ್ಲಿ ಬ್ಯಾಂಕಿನ ನೋಟಿನ ₹500 ಹಸಿರಿನಿಂದ ನೀಲಿಗೆ ಹೊರಳಿತು, ಪಕ್ಕದ್ದು ಮಿನುಗಿತು ಅಷ್ಟೇ, ಹಸಿರು ಹಸಿರಾಗಿಯೇ ಉಳಿಯಿತು. ಮೂರಕ್ಕೆ ಮೂರೂ ತಪ್ಪಿದ ಮೇಲೆ ನಾನು ಹೇಳಿದ್ದು ಇಷ್ಟೇ: ಇದನ್ನು ಯಾರಿಗೂ ಚಿಲ್ಲರೆಯಾಗಿ ಕೊಡಬೇಡಿ, ಬೆಳಿಗ್ಗೆ ಬ್ಯಾಂಕಿಗೆ ಒಯ್ಯಿರಿ.

ಮೂರರಲ್ಲಿ ಒಂದು ಮಾತ್ರ ತಪ್ಪಿದರೆ ಅವಸರ ಮಾಡಬೇಡಿ. ಮಡಿಸಿ ಮಡಿಸಿ ಸವೆದ ನೋಟಿನಲ್ಲಿ ಬಣ್ಣದ ಶಾಯಿ ಉದುರಿರುತ್ತದೆ. ಆದರೂ ಉಳಿದ ಚೂರು ಇದ್ದಷ್ಟು ಕಡೆ ನೀಲಿಗೆ ತಿರುಗಲೇಬೇಕು. ಕೊಳೆಯಾದ ನೋಟಿನ ವಾಟರ್‌ಮಾರ್ಕ್ ಮಂಕಾಗುತ್ತದೆ, ಆದರೆ ದಾರದ ಗೆರೆ ಮಂಕಾಗುವುದಿಲ್ಲ. ಒಂದೇ ಗುರುತನ್ನು ಆರಿಸಿಕೊಳ್ಳಿ ಎಂದರೆ ನಾನು ಬೆಳಕಿಗೆ ಹಿಡಿದ ದಾರವನ್ನೇ ಆರಿಸುತ್ತೇನೆ. ರಾತ್ರಿ ಗಿರಾಕಿ ಮುಂದೆ ನಿಂತಿರುವಾಗ ಅದನ್ನು ನೋಡಲು ಎರಡು ಕ್ಷಣ ಸಾಕು, ಫೋನೂ ಬೇಡ.

ಸಭೆಯಲ್ಲಿ ಕೆಲವು ಪ್ರಶ್ನೆಗಳು ಬಂದವು. ನೀಲಿ ಲೈಟಿನ ಯಂತ್ರ ಕೊಂಡರೆ ಸಾಲದೇ ಎಂದು ಬೇಕರಿಯವರೊಬ್ಬರು ಕೇಳಿದರು. ಅಲ್ಟ್ರಾವೈಲೆಟ್ ದೀಪದ ಕೆಳಗೆ ಸಾಮಾನ್ಯ ಬಿಳಿ ಕಾಗದ ನೀಲಿಯಾಗಿ ಹೊಳೆಯುತ್ತದೆ, ಅದಕ್ಕೆ ಬಿಳುಪಿನ ರಾಸಾಯನಿಕ ಹಾಕಿರುತ್ತಾರೆ. ನೋಟಿನ ಹತ್ತಿ ಕಾಗದ ಮಂಕಾಗಿರುತ್ತದೆ. ಇದು ಒಳ್ಳೆಯ ಪರೀಕ್ಷೆಯೇ. ಆದರೆ ಶರ್ಟಿನ ಜೇಬಿನಲ್ಲೇ ಉಳಿದು ಸೋಪಿನ ಪುಡಿಯಲ್ಲಿ ಒಗೆದುಹೋದ ಅಸಲಿ ನೋಟೂ ಆ ದೀಪದ ಕೆಳಗೆ ಹೊಳೆಯುತ್ತದೆ, ಏಕೆಂದರೆ ಅದೇ ಬಿಳುಪಿನ ರಾಸಾಯನಿಕ ಸೋಪಿನ ಪುಡಿಯಲ್ಲೂ ಇರುತ್ತದೆ. ಹೊಳೆದ ತಕ್ಷಣ ಖೋಟಾ ಎನ್ನಬೇಡಿ, ದಾರ ನೋಡಿ.

ಫೋಟೊ ತೆಗೆದರೆ ತಾನೇ ಹೇಳಿಬಿಡುವ ಆ್ಯಪ್ ಇದೆಯಂತಲ್ಲ ಎಂದು ಒಬ್ಬ ಹುಡುಗ ಕೇಳಿದ. ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ತಂದ ಮಣಿ ಆ್ಯಪ್ ಇದೆ. ಅದು ಕಣ್ಣು ಕಾಣದವರಿಗೆ ನೋಟು ಎಷ್ಟು ರೂಪಾಯಿಯದು ಎಂದು ಹೇಳಲು ಮಾಡಿದ್ದು. ಅಸಲಿಯೋ ಖೋಟಾವೋ ಎಂದು ಅದು ಹೇಳುವುದಿಲ್ಲ, ಹಾಗೆಂದು ರಿಸರ್ವ್ ಬ್ಯಾಂಕೇ ತಿಳಿಸಿದೆ. ಆ ಆ್ಯಪ್ ಐನೂರು ಎಂದು ಕೂಗಿತು ಎಂದು ನಂಬಿ ನೋಟು ತೆಗೆದುಕೊಳ್ಳಬೇಡ ಮಗ.

ಹೂವು ಮಾರುವ ಅಮ್ಮ ಒಬ್ಬರು ನೂರರ ನೋಟಿನ ಬಗ್ಗೆ ಕೇಳಿದರು. 2018ರಲ್ಲಿ ಬಂದ ನೇರಳೆ ಛಾಯೆಯ ನೂರರ ನೋಟಿನಲ್ಲಿ ದಾರ ಹಸಿರಿನಿಂದ ನೀಲಿಗೆ ತಿರುಗುತ್ತದೆ, ವಾಟರ್‌ಮಾರ್ಕ್ ಇದೆ, ಆದರೆ ಅದರ ಅಂಕಿಗೆ ಬಣ್ಣ ಬದಲಾಗುವ ಶಾಯಿ ಹಾಕಿಲ್ಲ. ಅಂಕಿ ನೀಲಿಯಾಗಲಿಲ್ಲ ಎಂದು ನೂರರ ನೋಟನ್ನು ದೂರಬಾರದು. ಇನ್ನೂರರ ನೋಟಿನಲ್ಲಿ ಐನೂರರ ಹಾಗೆಯೇ ಎರಡೂ ಬದಲಾಗುತ್ತವೆ. ಹಂಪಿಯ ಕಲ್ಲಿನ ರಥ ಇರುವ ಐವತ್ತರ ನೋಟಿನ ದಾರ ಬಣ್ಣ ಬದಲಿಸುವುದಿಲ್ಲ.

ಬ್ಯಾಂಕಿಗೆ ಒಯ್ದರೆ ದುಡ್ಡು ಸಿಗುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ. ಸಿಗುವುದಿಲ್ಲ. ಖೋಟಾ ಎಂದು ಖಚಿತವಾದರೆ ಬ್ಯಾಂಕಿನವರು ಅದರ ಮೇಲೆ ಖೋಟಾ ನೋಟು ಎಂಬ ಮುದ್ರೆ ಒತ್ತಿ ಮುಟ್ಟುಗೋಲು ಹಾಕಿಕೊಳ್ಳುತ್ತಾರೆ, ನಿಮ್ಮ ಖಾತೆಗೆ ಜಮಾ ಮಾಡುವುದಿಲ್ಲ, ನೋಟನ್ನು ವಾಪಸ್ ಕೊಡುವುದೂ ಇಲ್ಲ. ಆದರೆ ನಿಮಗೆ ಸ್ವೀಕೃತಿ ರಸೀದಿ ಕೊಡಲೇಬೇಕು, ಅದನ್ನು ಕೇಳಿ ಪಡೆಯಿರಿ. ಒಂದು ಸಲಕ್ಕೆ ನಾಲ್ಕರವರೆಗೆ ಸಿಕ್ಕರೆ ಬ್ಯಾಂಕು ತಿಂಗಳ ಕೊನೆಯಲ್ಲಿ ಒಟ್ಟಿಗೆ ಪೊಲೀಸರಿಗೆ ವರದಿ ಮಾಡುತ್ತದೆ. ಐದು ಅಥವಾ ಹೆಚ್ಚಾದರೆ ಕೂಡಲೇ ಪೊಲೀಸ್ ಠಾಣೆಗೆ ತಿಳಿಸಿ ಎಫ್‌ಐಆರ್ ಆಗುತ್ತದೆ. ಹಾಗಾಗಿ ಸಿಕ್ಕಸಿಕ್ಕ ನೋಟುಗಳನ್ನು ಡಬ್ಬಿಯಲ್ಲಿ ಕೂಡಿಟ್ಟುಕೊಂಡು ಒಟ್ಟಿಗೆ ಒಯ್ಯುವುದು ಬೇಡ, ಸಿಕ್ಕಾಗಲೇ ಒಯ್ಯಿರಿ.

ಐನೂರು ಹೋಯಿತಲ್ಲ ಎಂಬ ಸಂಕಟ ನನಗೆ ಅರ್ಥವಾಗುತ್ತದೆ. ಇಡೀ ದಿನದ ಲಾಭ ಅಷ್ಟಿರದ ಅಂಗಡಿಗಳೂ ಇಲ್ಲಿವೆ. ಆದರೂ ಖೋಟಾ ಎಂದು ಗೊತ್ತಾದ ಮೇಲೆ ಅದನ್ನು ಇನ್ನೊಬ್ಬರಿಗೆ ದಾಟಿಸುವುದು ಭಾರತೀಯ ನ್ಯಾಯ ಸಂಹಿತೆಯ 179ನೇ ಸೆಕ್ಷನ್ ಪ್ರಕಾರ ಅಪರಾಧ. ಗೊತ್ತಿದ್ದೂ ಚಲಾಯಿಸುವ ಉದ್ದೇಶದಿಂದ ಇಟ್ಟುಕೊಳ್ಳುವುದು 180ರ ಪ್ರಕಾರ ಅಪರಾಧ. ಅದೇ 180ನೇ ಸೆಕ್ಷನ್ನಿನಲ್ಲಿ, ನೋಟು ನ್ಯಾಯವಾದ ಮೂಲದಿಂದ ಬಂದದ್ದು ಎಂದು ತೋರಿಸಿಕೊಟ್ಟವನಿಗೆ ರಕ್ಷಣೆಯೂ ಇದೆ. ನೀವು ತೆಗೆದ ಫೋಟೊ, ವಿಡಿಯೊ, ಅವತ್ತಿನ ಬಿಲ್ಲು ಉಪಯೋಗಕ್ಕೆ ಬರುವುದು ಇಲ್ಲೇ. ಅವನ್ನು ಫೋನಿನಿಂದ ಅಳಿಸಬೇಡಿ, ಬ್ಯಾಂಕಿನ ರಸೀದಿಯ ಫೋಟೊವನ್ನೂ ಅದರ ಜೊತೆಗೇ ಇಡಿ. ಆದರೆ ನೋಟಿನ ಫೋಟೊವನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಅಂಗಡಿಯಲ್ಲಿ ಅಂಟಿಸಬೇಡಿ, ನೋಟನ್ನು ಹೋಲುವ ಕಾಗದ ಮಾಡುವುದಕ್ಕೂ 182ನೇ ಸೆಕ್ಷನ್ನಿನಲ್ಲಿ ದಂಡವಿದೆ.